ತಜ್ಞರ ಜೊತೆ ನೇರ ಪ್ರಶ್ನೋತ್ತರ: ಪ್ರಕಟಣೆ ಬರೆಯುವುದು, ಪ್ರಶ್ನೆ ಸಂಗ್ರಹಿಸುವುದು, ಸಮಯ ತಿಳಿಸುವುದು – ಪದೇ ಪದೇ ಕೇಳುವ ಪ್ರಶ್ನೆಗಳು

ನೇರ ಪ್ರಶ್ನೋತ್ತರ ನಡೆಸುವ ಜವಾಬ್ದಾರಿ ಹೊಸದಾಗಿ ಹೆಗಲೇರಿದವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕ್ಯಾಮೆರಾ, ಮೈಕು, ಯಾವ ಆ್ಯಪ್ ಎಂಬ ವಿಚಾರಕ್ಕೆ ಇಲ್ಲಿ ಕೈಹಾಕಿಲ್ಲ. ಕಾರ್ಯಕ್ರಮಕ್ಕೆ ಮೊದಲಿನ ಹತ್ತು ಹನ್ನೆರಡು ದಿನಗಳ ಕೆಲಸವಷ್ಟೇ ಇಲ್ಲಿದೆ. ನಾನು ಕಂಡಂತೆ ಕಾರ್ಯಕ್ರಮ ಕೆಡುವುದು ಆ ದಿನಗಳಲ್ಲೇ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಉದ್ದಕ್ಕೂ ಒಂದೇ ಉದಾಹರಣೆ ಬಳಸಿದ್ದೇನೆ. ನ್ಯೂಯಾರ್ಕ್‌ನಲ್ಲಿರುವ ಒಬ್ಬ ನಿದ್ರಾ ತಜ್ಞೆ ಒಂದು ಗಂಟೆ ಕನ್ನಡದಲ್ಲಿ ಉತ್ತರಿಸಲು ಒಪ್ಪಿದ್ದಾರೆ ಎಂದುಕೊಳ್ಳೋಣ. ಅವರು ಕೊಟ್ಟ ಸಮಯ 2026ರ ಮಾರ್ಚ್ 14, ಶನಿವಾರ, ಅವರ ಬೆಳಿಗ್ಗೆ ಒಂಬತ್ತೂವರೆ. ಕೇಳುವವರು ಹೆಚ್ಚಿನವರು ಭಾರತದಲ್ಲಿದ್ದಾರೆ, ಕೆಲವರು ಹೊರದೇಶಗಳಲ್ಲಿದ್ದಾರೆ.

ಪ್ರಕಟಣೆಯನ್ನು ಎಷ್ಟು ದಿನ ಮೊದಲು ಹಾಕಬೇಕು?

ಹತ್ತರಿಂದ ಹನ್ನೆರಡು ದಿನ ಮೊದಲು. ಒಂದು ತಿಂಗಳು ಮೊದಲೇ ಹಾಕಿದರೆ ಜನ "ಇನ್ನೂ ಟೈಮಿದೆ" ಎಂದು ಪಕ್ಕಕ್ಕಿಟ್ಟು ಮರೆಯುತ್ತಾರೆ. ಮೂರು ದಿನ ಇರುವಾಗ ಹಾಕಿದರೆ ಪ್ರಶ್ನೆ ಯೋಚಿಸಲು ಅವರಿಗೂ ಪುರುಸೊತ್ತಿಲ್ಲ, ಬಂದ ಪ್ರಶ್ನೆ ವಿಂಗಡಿಸಲು ನಿಮಗೂ ಇಲ್ಲ.

ನಮ್ಮ ಉದಾಹರಣೆಯಲ್ಲಿ ಪ್ರಕಟಣೆ ಮಾರ್ಚ್ 3, ಮಂಗಳವಾರ. ಪ್ರಶ್ನೆ ಕಳಿಸಲು ಕೊನೆ ಮಾರ್ಚ್ 11, ಬುಧವಾರ ರಾತ್ರಿ 9. ಗುರುವಾರ ಸಂಜೆಯೊಳಗೆ ವಿಂಗಡಿಸಿದ ಪಟ್ಟಿ ವೈದ್ಯೆಯ ಕೈಸೇರಬೇಕು. ಶುಕ್ರವಾರ ಒಂದು ನೆನಪೋಲೆ, ಶನಿವಾರ ಶುರುವಾಗುವ ಒಂದು ಗಂಟೆ ಮೊದಲು ಇನ್ನೊಂದು. ಅದಕ್ಕಿಂತ ಹೆಚ್ಚು ನೆನಪಿಸಿದರೆ ಜನ ನಿಮ್ಮ ಸಂದೇಶಗಳನ್ನು ಓದುವುದನ್ನೇ ಬಿಡುತ್ತಾರೆ.

ಪ್ರಕಟಣೆಯಲ್ಲಿ ಏನೇನಿರಬೇಕು?

ಯಾರು ಬರುತ್ತಾರೆ, ಯಾವುದರ ಬಗ್ಗೆ ಕೇಳಬಹುದು, ಯಾವಾಗ, ಪ್ರಶ್ನೆ ಎಲ್ಲಿಗೆ ಯಾವ ದಿನದೊಳಗೆ ಕಳಿಸಬೇಕು. ಇಷ್ಟು ಸಾಕು. ಹೆಚ್ಚಿನವರು ಎಡವುವುದು ತಜ್ಞರ ಪರಿಚಯದಲ್ಲಿ. ಪದವಿ, ಪ್ರಶಸ್ತಿ, ಸದಸ್ಯತ್ವ ಎಲ್ಲ ಸೇರಿ ಎಂಟು ಸಾಲು ಮುಗಿದ ಮೇಲೆ ದಿನಾಂಕ ಬರುತ್ತದೆ. ಅಷ್ಟರಲ್ಲಿ ಓದುಗ ಮುಂದಿನದಕ್ಕೆ ಹೋಗಿರುತ್ತಾನೆ. ಪರಿಚಯಕ್ಕೆ ಒಂದು ವಾಕ್ಯ ಕೊಡಿ, ಅದೂ "ಈ ಪ್ರಶ್ನೆಯನ್ನು ಇವರನ್ನೇ ಏಕೆ ಕೇಳಬೇಕು" ಎನ್ನುವುದಕ್ಕೆ ಉತ್ತರವಾಗಿರಲಿ.

ನಮ್ಮ ಕಾರ್ಯಕ್ರಮಕ್ಕೆ ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

> ಗೊರಕೆ, ನಡುರಾತ್ರಿ ಎಚ್ಚರ, ನಿದ್ದೆ ಮಾತ್ರೆ: ನಿದ್ರಾ ತಜ್ಞೆಯನ್ನು ನೇರವಾಗಿ ಕೇಳಿ
>
> ಶನಿವಾರ, 14 ಮಾರ್ಚ್ 2026. ಸಂಜೆ 7ರಿಂದ 8, ಭಾರತದ ಸಮಯ. (ಬೇರೆ ಊರುಗಳ ಸಮಯ ಕೆಳಗಿದೆ.)
>
> ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಗೆ ವರ್ಷಗಳಿಂದ ಚಿಕಿತ್ಸೆ ಕೊಡುತ್ತಿರುವ ವೈದ್ಯೆ ನಿಮ್ಮ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರಿಸುತ್ತಾರೆ.
>
> ಕೇಳಬಹುದಾದ್ದು: ದೊಡ್ಡವರ, ಮಕ್ಕಳ ನಿದ್ದೆ, ಗೊರಕೆ, ರಾತ್ರಿ ಪಾಳಿ, ನಿದ್ದೆ ಮಾತ್ರೆ, ನಿದ್ದೆಯ ಪರೀಕ್ಷೆಗಳು. ಕನಸಿನ ಅರ್ಥದ ಬಗ್ಗೆ ಪ್ರಶ್ನೆ ಬೇಡ.
>
> ಕೆಳಗಿನ ಫಾರ್ಮ್‌ನಲ್ಲಿ ಪ್ರಶ್ನೆ ಕಳಿಸಲು ಕೊನೆ: ಬುಧವಾರ, 11 ಮಾರ್ಚ್, ರಾತ್ರಿ 9, ಭಾರತದ ಸಮಯ. ಕಾರ್ಯಕ್ರಮದ ದಿನ ನೇರವಾಗಿ ಕೇಳಲೂ ಸ್ವಲ್ಪ ಸಮಯ ಇರುತ್ತದೆ.

ಶೀರ್ಷಿಕೆಯಲ್ಲಿ ತಜ್ಞರ ಹೆಸರಿಗಿಂತ ವಿಷಯ ಮುಂದಿರುವುದನ್ನು ಗಮನಿಸಿ. ತಜ್ಞರು ಮನೆಮಾತಾದವರಾದರೆ ಹೆಸರೇ ಮೊದಲು ಬರಲಿ. ಇಲ್ಲದಿದ್ದರೆ ಗೊರಕೆಯ ಕಾಟ ಇರುವವನ ಕಣ್ಣು ನಿಲ್ಲುವುದು "ಗೊರಕೆ" ಎಂಬ ಪದದ ಮೇಲೆ. "ಕನಸಿನ ಅರ್ಥ ಬೇಡ" ಎಂಬುದೂ ಸುಮ್ಮನೆ ಸೇರಿದ್ದಲ್ಲ. ನಿದ್ದೆ ಎಂದ ಕೂಡಲೇ ಹಾವಿನ ಕನಸಿನ ಬಗ್ಗೆ ಕೇಳುವವರು ಇದ್ದೇ ಇರುತ್ತಾರೆ. ಬೇಲಿ ಎಲ್ಲಿದೆ ಎಂದು ಮೊದಲೇ ಹೇಳಿದರೆ ಆಮೇಲೆ ಯಾರ ಪ್ರಶ್ನೆಯನ್ನೂ ತಳ್ಳಿಹಾಕಿ ಮುಖ ಮುರಿಯಬೇಕಾಗುವುದಿಲ್ಲ.

ಸಮಯವನ್ನು ಹೇಗೆ ಬರೆದರೆ ಗೊಂದಲವಾಗುವುದಿಲ್ಲ?

ವಾರ, ತಾರೀಖು, ತಿಂಗಳ ಹೆಸರು, ಗಂಟೆ, ಯಾವ ಊರಿನ ಗಂಟೆ, ಎಷ್ಟು ಹೊತ್ತಿನವರೆಗೆ. ಇವಿಷ್ಟೂ ಒಂದೇ ಸಾಲಿನಲ್ಲಿ ಇರಲಿ. ವಾರ ಮತ್ತು ತಾರೀಖು ಎರಡನ್ನೂ ಬರೆದರೆ ಒಂದು ಲಾಭವಿದೆ: ನೀವು ತಪ್ಪು ಬರೆದಿದ್ದರೆ ಎರಡೂ ತಾಳೆಯಾಗುವುದಿಲ್ಲ, ಓದಿದವರಲ್ಲಿ ಯಾರಾದರೊಬ್ಬರು "15 ಶನಿವಾರ ಅಲ್ವಲ್ಲ" ಎಂದು ಅವತ್ತೇ ಹೇಳುತ್ತಾರೆ.

ತಿಂಗಳನ್ನು ಅಂಕಿಯಲ್ಲಿ ಬರೆಯಬೇಡಿ. 5/6 ಎಂದರೆ ನಮಗೆ ಜೂನ್ 5, ಅಮೆರಿಕದಲ್ಲಿ ಬೆಳೆದವರಿಗೆ ಮೇ 6. ಮಾರ್ಚ್ 14ರಲ್ಲಿ ಈ ತೊಡಕಿಲ್ಲ, ಏಕೆಂದರೆ ಹದಿನಾಲ್ಕನೇ ತಿಂಗಳಿಲ್ಲ. ಆದರೆ ಪ್ರಶ್ನೆಯ ಕೊನೆ ದಿನವನ್ನು 11/3 ಎಂದು ಬರೆದರೆ ಅದು ನವೆಂಬರ್ 3 ಎಂದೂ ಓದಿಸಿಕೊಳ್ಳುತ್ತದೆ.

ಕನ್ನಡದಲ್ಲೇ ಹುಟ್ಟುವ ಗೊಂದಲಗಳೂ ಇವೆ. "ಮುಂದಿನ ಶನಿವಾರ" ಎಂದು ಮಂಗಳವಾರ ಬರೆದರೆ ಅರ್ಧ ಜನಕ್ಕೆ ಅದು ನಾಲ್ಕು ದಿನಕ್ಕೆ ಬರುವ ಶನಿವಾರ, ಉಳಿದರ್ಧ ಜನಕ್ಕೆ ಅದರಾಚೆಯ ಶನಿವಾರ. "ಶುಕ್ರವಾರ ರಾತ್ರಿ 12ರವರೆಗೆ" ಎಂದರೆ ಗುರುವಾರ ಮುಗಿಯುವ ನಡುರಾತ್ರಿಯೋ ಶುಕ್ರವಾರ ಮುಗಿಯುವ ನಡುರಾತ್ರಿಯೋ ಎಂದು ಕೇಳುವವರಿದ್ದಾರೆ. ಎಲ್ಲಕ್ಕಿಂತ ಕೆಟ್ಟದ್ದು "ಶನಿವಾರ ರಾತ್ರಿ 1 ಗಂಟೆ". ನಮ್ಮ ರೂಢಿಯಲ್ಲಿ ಬೆಳಕು ಹರಿಯುವವರೆಗೆ ಅದೇ ದಿನ. ಹಾಗಾಗಿ ಮಾತಾಡುವಾಗ ಶನಿವಾರ ರಾತ್ರಿ ಒಂದು ಎಂದರೆ ಶನಿವಾರ ಮಲಗುವ ರಾತ್ರಿ. ಫೋನಿನ ಕ್ಯಾಲೆಂಡರ್‌ಗೆ ಅದು ಆಗಲೇ ಭಾನುವಾರ. ಇಡೀ ಒಂದು ದಿನದ ವ್ಯತ್ಯಾಸ. ಆದ್ದರಿಂದ ಕೊನೆಯ ಗಡುವನ್ನು ನಡುರಾತ್ರಿಗೆ ಇಡಲೇಬೇಡಿ. ರಾತ್ರಿ 9 ಎಂದಿಟ್ಟರೆ ಎರಡು ಅರ್ಥಕ್ಕೆ ಜಾಗವೇ ಇಲ್ಲ.

ಮುಗಿಯುವ ಸಮಯವನ್ನು ಬರೆಯದೆ ಬಿಡುವವರು ಬಹಳ. "ಸಂಜೆ 7ಕ್ಕೆ" ಎಂದಷ್ಟೇ ಇದ್ದರೆ ಏಳೂ ಇಪ್ಪತ್ತಕ್ಕೆ ಬಿಡುವಾದವನು ತಡವಾಯಿತೆಂದು ಬರುವುದೇ ಇಲ್ಲ. "7ರಿಂದ 8" ಎಂದು ನೋಡಿದರೆ ಬರುತ್ತಾನೆ.

ತಜ್ಞರು ಬೇರೆ ದೇಶದಲ್ಲಿದ್ದರೆ ಗಂಟೆಯ ಲೆಕ್ಕ ಹೇಗೆ?

ಇಲ್ಲಿ ನಾನೇ ಬಿದ್ದ ಹಳ್ಳವೊಂದನ್ನು ತೋರಿಸಬೇಕು. ಒಂದು ವರ್ಷ ಫೆಬ್ರವರಿ ಕೊನೆಯಲ್ಲಿ ಅಮೆರಿಕದ ಪೂರ್ವ ಕರಾವಳಿಯ ಒಬ್ಬರ ಜೊತೆ ಮಾರ್ಚ್ ನಡುವಿನ ಕಾರ್ಯಕ್ರಮ ಗೊತ್ತುಮಾಡಿದೆ. ಅವರು "ನನಗೆ ಬೆಳಿಗ್ಗೆ ಒಂಬತ್ತೂವರೆ" ಎಂದರು. ಆ ಹೊತ್ತಿಗೆ ಫೋನಿನಲ್ಲಿ ಎರಡೂ ಊರಿನ ಗಡಿಯಾರ ನೋಡಿದೆ, ಹತ್ತೂವರೆ ಗಂಟೆಯ ವ್ಯತ್ಯಾಸ. ಕೂಡಿಸಿ "ರಾತ್ರಿ 8" ಎಂದು ಪ್ರಕಟಿಸಿದೆ. ಆ ದಿನ ಅವರು ನಮ್ಮ ಏಳು ಗಂಟೆಗೇ ಬಂದು ಖಾಲಿ ಪರದೆಯ ಮುಂದೆ ಕೂತಿದ್ದರು. ನಲವತ್ತು ನಿಮಿಷ ಕಾದು, ಸೌಜನ್ಯದ ಒಂದು ಸಂದೇಶ ಕಳಿಸಿ ಹೊರಟುಹೋದರು. ಎಂಟಕ್ಕೆ ಜನ ಬಂದಾಗ ಉತ್ತರ ಹೇಳುವವರೇ ಇರಲಿಲ್ಲ.

ಆದದ್ದಿಷ್ಟೆ. ಅಮೆರಿಕದ ಹೆಚ್ಚಿನ ಭಾಗದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ. ಭಾರತದಲ್ಲಿ ಹೀಗೆ ತಿರುಗಿಸುವುದಿಲ್ಲ. ಹಾಗಾಗಿ ನ್ಯೂಯಾರ್ಕ್ ನಮಗಿಂತ ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಹಿಂದೆ. ನಾನು ಪ್ರಕಟಣೆ ಬರೆದ ದಿನ ಒಂದು ಲೆಕ್ಕ, ಕಾರ್ಯಕ್ರಮದ ದಿನ ಇನ್ನೊಂದು.

ನಮ್ಮ ಉದಾಹರಣೆಯಲ್ಲೂ ಅದೇ ಬಲೆ ಹಾಸಿದೆ. ಪ್ರಕಟಣೆ ಮಾರ್ಚ್ 3ರಂದು, ಕಾರ್ಯಕ್ರಮ 14ರಂದು. 2026ರಲ್ಲಿ ಅಮೆರಿಕದ ಗಡಿಯಾರ ತಿರುಗುವುದು ನಡುವಿನ 8ನೇ ತಾರೀಖು. ಮಂಗಳವಾರ ಕೂತು ಎರಡೂ ಗಡಿಯಾರ ನೋಡಿ ಕೂಡಿಸಿದರೆ ರಾತ್ರಿ 8 ಎಂದು ಬರುತ್ತದೆ. ನಿಜವಾದ ಸಮಯ ಸಂಜೆ 7.

ಯುರೋಪಿನ ಹೆಚ್ಚಿನ ಭಾಗದಲ್ಲಿ ಗಡಿಯಾರ ತಿರುಗುವುದು ಮಾರ್ಚ್‌ನ ಕೊನೆಯ ಭಾನುವಾರ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಅಂದರೆ ಮಾರ್ಚ್‌ನಲ್ಲಿ ಎರಡು ಮೂರು ವಾರ ನ್ಯೂಯಾರ್ಕ್ ಮತ್ತು ಲಂಡನ್ ನಡುವಿನ ವ್ಯತ್ಯಾಸವೂ ಎಂದಿನಂತಿರದೆ ಒಂದು ಗಂಟೆ ಕಡಿಮೆಯಾಗಿರುತ್ತದೆ. ಮಾರ್ಚ್ ಮತ್ತು ಅಕ್ಟೋಬರ್–ನವೆಂಬರ್‌ನಲ್ಲಿ ಕಾರ್ಯಕ್ರಮವಿದ್ದರೆ ಮನಸ್ಸಿನಲ್ಲಿ ಕೂಡಿ ಕಳೆಯುವ ಸಾಹಸ ಬೇಡ. ಕಾರ್ಯಕ್ರಮದ ತಾರೀಖನ್ನೇ ಕೊಟ್ಟು ಲೆಕ್ಕ ಹಾಕುವ ಸಾಧನ ಬಳಸಿ. ಲಿನಕ್ಸ್ ಇರುವವರು ಹೀಗೆ ಕೇಳಬಹುದು:

```
TZ="Asia/Kolkata" date -d 'TZ="America/New_York" 2026-03-14 09:30'
```

ನ್ಯೂಯಾರ್ಕ್‌ನ ಆ ದಿನದ ಒಂಬತ್ತೂವರೆ ಭಾರತದಲ್ಲಿ ಎಷ್ಟು ಎಂಬುದಕ್ಕೆ ಉತ್ತರವಾಗಿ ಮಾರ್ಚ್ 14ರ ಸಂಜೆ 7 ಬರುತ್ತದೆ. ತಾರೀಖನ್ನು 2026-03-07 ಎಂದು ಬದಲಿಸಿ ನೋಡಿ, ರಾತ್ರಿ 8 ಆಗುತ್ತದೆ. ನನ್ನ ಹಳ್ಳ ಅದೇ ಒಂದು ಗಂಟೆಯದು.

ಲೆಕ್ಕ ಸರಿಬಂದ ಮೇಲೂ ತಜ್ಞರಿಗೆ ಒಂದು ಸಾಲು ಬರೆದು ದೃಢಪಡಿಸಿಕೊಳ್ಳಿ. ಅವರ ಊರಿನ ಸಮಯ ಮೊದಲು, ನಿಮ್ಮದು ಆಮೇಲೆ: "ಶನಿವಾರ 14 ಮಾರ್ಚ್, ನಿಮಗೆ ಬೆಳಿಗ್ಗೆ 9:30, ನಮಗೆ ಸಂಜೆ 7. ಸರಿ ತಾನೆ ಮೇಡಂ?" ಬರೀ ನಮ್ಮ ಸಮಯ ಬರೆದರೆ ಲೆಕ್ಕದ ಹೊರೆ ಅವರ ಮೇಲೆ ಬೀಳುತ್ತದೆ, ಅವರೂ ಮನಸ್ಸಿನಲ್ಲೇ ಕೂಡಿಸುತ್ತಾರೆ.

ಐಎಸ್‌ಟಿ ಎಂದು ಬರೆದರೆ ಸಾಲದೇ?

ಭಾರತದೊಳಗೆ ಸಾಕು. ಹೊರಗೆ ಸಾಲದು. ಇಸ್ರೇಲ್ ತನ್ನ ಸಮಯಕ್ಕೂ, ಐರ್ಲೆಂಡ್ ತನ್ನ ಬೇಸಿಗೆಯ ಸಮಯಕ್ಕೂ ಇದೇ ಮೂರಕ್ಷರ ಬಳಸುತ್ತವೆ. ಸಿಎಸ್‌ಟಿ ಎಂಬುದು ಅಮೆರಿಕದ ಮಧ್ಯಭಾಗದ ಸಮಯವೂ ಹೌದು, ಚೀನಾದ ಸಮಯವೂ ಹೌದು. ಊರಿನ ಹೆಸರು ಬರೆದರೆ ಯಾರಿಗೂ ಸಂಶಯವಿಲ್ಲ. ನಮ್ಮ ಪ್ರಕಟಣೆಯ ಕೆಳಗೆ ಹೀಗೆ ಒಂದು ಸಾಲು ಸಾಕು:

> ಲಂಡನ್: ಮಧ್ಯಾಹ್ನ 1:30. ದುಬೈ: ಸಂಜೆ 5:30. ಸಿಂಗಪುರ: ರಾತ್ರಿ 9:30. ನ್ಯೂಯಾರ್ಕ್: ಬೆಳಿಗ್ಗೆ 9:30. ಸಿಡ್ನಿ: ಭಾನುವಾರ, 15 ಮಾರ್ಚ್, ನಡುರಾತ್ರಿ ಕಳೆದು 12:30.

ಸಿಡ್ನಿಯಲ್ಲಿ ತಾರೀಖೇ ಬದಲಾಗಿದೆ. ಇಂಥ ಕಡೆ ವಾರವನ್ನು ದಪ್ಪಕ್ಷರದಲ್ಲಿ ಬರೆಯಿರಿ. ಓದುಗರಿರುವ ನಾಲ್ಕೈದು ಊರು ಕೊಟ್ಟರೆ ಸಾಕು. ಭೂಗೋಳವನ್ನೆಲ್ಲ ಪಟ್ಟಿ ಮಾಡಿದರೆ ತನ್ನ ಊರು ಹುಡುಕುವುದೇ ಕೆಲಸವಾಗುತ್ತದೆ.

ಕ್ಯಾಲೆಂಡರ್‌ಗೆ ಸೇರಿಸಿಕೊಳ್ಳುವ ಫೈಲ್ ಕೊಡುವುದಾದರೆ ಅದರೊಳಗಿನ ಸಮಯ ಹೀಗಿರಲಿ:

```
DTSTART:20260314T133000Z
DTEND:20260314T143000Z
```

ಕೊನೆಯ `Z` ಅಕ್ಷರ ಇದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ ಎಂದು ಹೇಳುತ್ತದೆ. ಭಾರತದ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ, ಹಾಗಾಗಿ 13:30 ನಮಗೆ ಸಂಜೆ 7. ಆ ಅಕ್ಷರ ಬಿಟ್ಟುಹೋದರೆ ತೆರೆದವರ ಫೋನು ಅದನ್ನು ತನ್ನೂರಿನ ಮಧ್ಯಾಹ್ನ ಒಂದೂವರೆ ಎಂದು ತಿಳಿಯುತ್ತದೆ. ಫೈಲನ್ನು ಹಂಚುವ ಮೊದಲು ನಿಮ್ಮದೇ ಫೋನಿನಲ್ಲಿ ತೆರೆದು ನೋಡಿ. 7 ಎಂದು ತೋರಿಸದಿದ್ದರೆ ಏನೋ ತಪ್ಪಿದೆ.

ಪ್ರಶ್ನೆಗಳನ್ನು ಮೊದಲೇ ಏಕೆ ಸಂಗ್ರಹಿಸಬೇಕು? ನೇರಪ್ರಸಾರ ಎಂದ ಮೇಲೆ ನೇರವಾಗಿಯೇ ಕೇಳಬಹುದಲ್ಲ?

ಬರೀ ನೇರ ಪ್ರಶ್ನೆ ನಂಬಿ ಕೂತರೆ ಮೊದಲ ಹತ್ತು ನಿಮಿಷ ಮೌನ. ಆಮೇಲೆ ಮಾತು ಬಲ್ಲ ಇಬ್ಬರು ಮೂವರು ಉಳಿದ ಸಮಯವನ್ನು ತಿಂದುಹಾಕುತ್ತಾರೆ. ಗೊರಕೆಯ ಬಗ್ಗೆ ಎಲ್ಲರೆದುರು ಕೇಳಲು ನಾಚುವವರು, ಆ ಹೊತ್ತಿಗೆ ಪಾಳಿಯಲ್ಲಿರುವವರು, ಟೈಪಿಂಗ್ ನಿಧಾನ ಇರುವವರು ಹೊರಗೇ ಉಳಿಯುತ್ತಾರೆ. ರಾತ್ರಿ ಪಾಳಿಯವರ ನಿದ್ದೆಯ ಬಗ್ಗೆ ಕಾರ್ಯಕ್ರಮ ಮಾಡಿ ರಾತ್ರಿ ಪಾಳಿಯವರೇ ಕೇಳಲಾಗದಿದ್ದರೆ ಏನು ಬಂತು.

ಪ್ರಶ್ನೆ ಕಳಿಸಿ ಎಂದರೂ ಯಾರೂ ಕಳಿಸುವುದಿಲ್ಲ. ಏನು ಮಾಡಲಿ?

"ನಿಮ್ಮ ಪ್ರಶ್ನೆಗಳಿದ್ದರೆ ಕಳಿಸಿ" ಎಂಬ ವಾಕ್ಯಕ್ಕೆ ಪ್ರಶ್ನೆ ಬರುವುದಿಲ್ಲ, ಬಂದರೆ ಹೆಬ್ಬೆಟ್ಟು ಮೇಲೆತ್ತಿದ ಚಿತ್ರ ಬರುತ್ತದೆ. ಖಾಲಿ ಹಾಳೆ ಕೊಟ್ಟರೆ ಯಾರಿಗೂ ಕೈ ಓಡದು. ಎರಡು ಮೂರು ಮಾದರಿ ಪ್ರಶ್ನೆ ನೀವೇ ಬರೆದು ತೋರಿಸಿ, ಅವು ಸಣ್ಣವಾಗಿ, ದಿನನಿತ್ಯದ ಮಾತಿನಲ್ಲಿ ಇರಲಿ: "ದಿನಾ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಬರುವುದಿಲ್ಲ, ಹಾಸಿಗೆಯಲ್ಲೇ ಹೊರಳಾಡಬೇಕೋ ಎದ್ದು ಕೂರಬೇಕೋ?" ಇದನ್ನು ಓದಿದವನಿಗೆ "ಇಂಥದ್ದನ್ನೂ ಕೇಳಬಹುದು" ಎಂದು ಧೈರ್ಯ ಬರುತ್ತದೆ. ಮಾದರಿಯಲ್ಲಿ "ನಿದ್ರಾಹೀನತೆಯ ಕಾರಣಗಳು ಮತ್ತು ಪರಿಹಾರೋಪಾಯಗಳನ್ನು ತಿಳಿಸಿ" ಎಂದಿದ್ದರೆ ಬರುವ ಪ್ರಶ್ನೆಗಳೂ ಪರೀಕ್ಷೆಯ ಪತ್ರಿಕೆಯಂತೆಯೇ ಇರುತ್ತವೆ.

ಇನ್ನೊಂದು ಮಾತು. ಐದನೇ ದಿನದ ಹೊತ್ತಿಗೆ "ಇದುವರೆಗೆ ಗೊರಕೆಯ ಬಗ್ಗೆ ಬಹಳ ಪ್ರಶ್ನೆ ಬಂದಿವೆ, ಮಕ್ಕಳ ನಿದ್ದೆಯ ಬಗ್ಗೆ ಒಂದೂ ಬಂದಿಲ್ಲ" ಎಂದು ತಿಳಿಸಿ. ಮಕ್ಕಳಿರುವವರು ಆ ಸಂಜೆಯೇ ಬರೆಯುತ್ತಾರೆ. ಸುಳ್ಳು ಮಾತ್ರ ಹೇಳಬೇಡಿ.

ಫಾರ್ಮ್‌ನಲ್ಲಿ ಏನೆಲ್ಲ ಕೇಳಬೇಕು?

ಪ್ರಶ್ನೆ, ಮತ್ತು "ಓದುವಾಗ ನಿಮ್ಮ ಹೆಸರು ಹೇಳಬಹುದೇ?" ಎಂಬುದಕ್ಕೆ ಹೌದು ಅಥವಾ ಬೇಡ. ಬೇಕಿದ್ದವರು ಬರೆಯಲಿ ಎಂದು ಹೆಸರಿಗೊಂದು, ಸಂಪರ್ಕಕ್ಕೊಂದು ಜಾಗ. ವಯಸ್ಸು, ಊರು, ಉದ್ಯೋಗ ಎಲ್ಲ ಕಡ್ಡಾಯ ಮಾಡಿದರೆ ಜನ ಅರ್ಧಕ್ಕೇ ಬಿಡುತ್ತಾರೆ. ಆರೋಗ್ಯದ ವಿಷಯವಾದ್ದರಿಂದ ಬಂದ ಮಾಹಿತಿಯನ್ನು ಎಷ್ಟು ಜನ ನೋಡುತ್ತಾರೆ, ಯಾವಾಗ ಅಳಿಸುತ್ತೀರಿ ಎಂಬುದನ್ನೂ ಒಂದು ಸಾಲಿನಲ್ಲಿ ಹೇಳಿ, ಹೇಳಿದಂತೆ ಅಳಿಸಿ.

ಪ್ರಶ್ನೆಗಳು ರಾಶಿ ಬಂದರೆ ಎಷ್ಟನ್ನು ಆರಿಸಬೇಕು?

ಮೊದಲು ಸಮಯದ ಲೆಕ್ಕ. ಅರವತ್ತು ನಿಮಿಷದಲ್ಲಿ ಸ್ವಾಗತ, ಪರಿಚಯಕ್ಕೆ ಐದು, ಕೊನೆಗೆ ಐದು ಹೋದರೆ ಐವತ್ತು ಉಳಿಯಿತು. ಪ್ರಶ್ನೆ ಓದಿ ಉತ್ತರ ಮುಗಿಯಲು ನಾಲ್ಕು ನಿಮಿಷ ಎಂದರೂ ಹನ್ನೆರಡು ಪ್ರಶ್ನೆ. ಅದರಲ್ಲಿ ನಾಲ್ಕು ನೇರ ಪ್ರಶ್ನೆಗಳಿಗೆ ಮೀಸಲು. ಮೊದಲೇ ಬಂದವುಗಳಿಗೆ ಉಳಿದದ್ದು ಎಂಟು. ಇಪ್ಪತ್ತೈದು ಪ್ರಶ್ನೆ ಮುಗಿಸುತ್ತೇವೆ ಎಂದು ಹೊರಟ ಕಾರ್ಯಕ್ರಮಗಳಲ್ಲಿ ತಜ್ಞರು ಹೌದು, ಇಲ್ಲ, ವೈದ್ಯರನ್ನು ಕಾಣಿ ಎನ್ನುವುದರಲ್ಲೇ ಮುಗಿಸುವುದನ್ನು ನೋಡಿದ್ದೇನೆ.

ಈಗ ಎಪ್ಪತ್ತು ಪ್ರಶ್ನೆ ಬಂದಿವೆ ಎಂದುಕೊಳ್ಳಿ. ಎಪ್ಪತ್ತು ಎಂದು ಗಾಬರಿ ಬೇಡ, ಅವು ಎಪ್ಪತ್ತು ಬಗೆಯವಲ್ಲ. ಎಲ್ಲವನ್ನೂ ಒಂದು ಸ್ಪ್ರೆಡ್‌ಶೀಟ್‌ಗೆ ಹಾಕಿ, ಪಕ್ಕದ ಕಾಲಮ್ಮಿನಲ್ಲಿ ಒಂದೊಂದಕ್ಕೂ ಒಂದು ಪದ ಬರೆಯುತ್ತಾ ಹೋಗಿ. ಕೊನೆಗೆ ಹೀಗೆ ಕಾಣಬಹುದು: ಗೊರಕೆ ಮತ್ತು ಉಸಿರು ಕಟ್ಟುವುದು 22, ನಡುರಾತ್ರಿ ಎಚ್ಚರ 15, ಮಾತ್ರೆ 11, ಪಾಳಿ 9, ಮಕ್ಕಳು 6, ಯಾವುದಕ್ಕೂ ಸೇರದವು 7. ಮೊದಲ ಎರಡು ಗುಂಪಿಗೆ ಎರಡೆರಡು, ಉಳಿದ ನಾಲ್ಕಕ್ಕೆ ಒಂದೊಂದು. ಎಂಟು ಆಯಿತು.

"ಯಾವುದಕ್ಕೂ ಸೇರದವು" ಎಂಬ ಗುಂಪನ್ನು ಎಸೆಯಬೇಡಿ. ಕಾರ್ಯಕ್ರಮ ಮುಗಿದ ಮೇಲೂ ಜನ ನೆನಪಿಟ್ಟುಕೊಳ್ಳುವ ಪ್ರಶ್ನೆ ಸಾಮಾನ್ಯವಾಗಿ ಅಲ್ಲಿಂದಲೇ ಸಿಗುತ್ತದೆ, ತಜ್ಞರ ಮುಖ ಅರಳುವುದೂ ಅದಕ್ಕೇ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿದಾಗ "ಇದನ್ನು ಹದಿನೈದು ಜನ ಕೇಳಿದ್ದಾರೆ" ಎಂದು ಹೇಳಿ ಓದಿ. ತನ್ನ ಪ್ರಶ್ನೆ ಬರಲಿಲ್ಲ ಎಂದು ಬೇಸರಿಸುವವನಿಗೆ ಅದು ತನ್ನದೂ ಹೌದೆಂದು ತಿಳಿಯುತ್ತದೆ.

ಬಂದ ಪ್ರಶ್ನೆಯನ್ನು ತಿದ್ದಬಹುದೇ?

ಕತ್ತರಿಸಬಹುದು. ಆದರೆ ಎಲ್ಲಿ ಕತ್ತರಿ ಹಾಕುತ್ತೀರಿ ಎಂಬುದು ಮುಖ್ಯ. ಇಂಥದ್ದೊಂದು ಬಂದಿದೆ ಎಂದುಕೊಳ್ಳಿ:

> ನಮಸ್ತೆ ಡಾಕ್ಟ್ರೇ, ನನಗೆ 46 ವರ್ಷ, ಗೊರಕೆ ಜಾಸ್ತಿ ಅಂತ ಮನೆಯವರು ಹೇಳ್ತಾರೆ, ಮಧ್ಯೆ ಉಸಿರೇ ನಿಂತ ಹಾಗೆ ಆಗುತ್ತಂತೆ, ನಂಗೇನೂ ಗೊತ್ತಾಗಲ್ಲ. ಬೆಳಿಗ್ಗೆ ಎದ್ರೆ ತಲೆ ಭಾರ. ಬಿಪಿ ಮಾತ್ರೆ ತಗೋತಿದೀನಿ. ನನ್ನ ತಮ್ಮನಿಗೂ ಗೊರಕೆ ಇದೆ, ಇದು ವಂಶದಲ್ಲಿ ಬರುತ್ತಾ? ಆ ಮೆಷಿನ್ ಹಾಕ್ಕೊಂಡ್ರೆ ಜೀವನ ಪೂರ್ತಿ ಹಾಕ್ಕೋಬೇಕಾ? ಪರೀಕ್ಷೆಗೆ ಆಸ್ಪತ್ರೆಯಲ್ಲೇ ಮಲಗಬೇಕಾ? ದಯವಿಟ್ಟು ತಿಳಿಸಿ, ನಿಮ್ಮ ಸೇವೆ ದೊಡ್ಡದು.

ಇದರೊಳಗೆ ಮೂರು ಪ್ರಶ್ನೆ ಇವೆ: ವಂಶ, ಮೆಷಿನ್, ಪರೀಕ್ಷೆ. ಮೂರನ್ನೂ ಒಟ್ಟಿಗೆ ಓದಿದರೆ ವೈದ್ಯೆ ಕೊನೆಯದಕ್ಕೆ ಉತ್ತರಿಸಿ ಮೊದಲೆರಡನ್ನು ಮರೆಯುತ್ತಾರೆ. ಒಂದನ್ನು ಆರಿಸಿ, ಉಳಿದೆರಡನ್ನು ಆಯಾ ಗುಂಪಿಗೆ ಕಳಿಸಿ. ಅಷ್ಟರ ಮಟ್ಟಿಗೆ ಸರಿ.

ತಪ್ಪಾಗುವುದು ಮುಂದೆ. ಪ್ರಶ್ನೆ ಚಿಕ್ಕದಾಗಲಿ ಎಂದು ಬಿಪಿ ಮಾತ್ರೆಯ ವಾಕ್ಯವನ್ನು ತೆಗೆದುಹಾಕುವ ಆಸೆಯಾಗುತ್ತದೆ, ಗೊರಕೆಗೂ ಬಿಪಿಗೂ ಏನು ಸಂಬಂಧ ಎಂದು. ನಾನು ಒಮ್ಮೆ ಹಾಗೆಯೇ ತೆಗೆದಿದ್ದೆ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವವರಲ್ಲಿ ರಕ್ತದೊತ್ತಡ ಹೆಚ್ಚಿರುವುದು ಸಾಮಾನ್ಯ. ವೈದ್ಯರು ಮೊದಲು ಕೇಳುವ ಮಾತುಗಳಲ್ಲಿ ಅದೊಂದು. ಬೆಳಗಿನ ತಲೆ ಭಾರವೂ ಅದೇ ಸಾಲಿನದು. ನಮ್ಮ ಕಣ್ಣಿಗೆ ಹೊಟ್ಟು ಎಂದು ಕಂಡದ್ದೇ ಅವರಿಗೆ ಕಾಳು. ಅಂದಿನಿಂದ ಒಂದು ರೂಢಿ ಇಟ್ಟುಕೊಂಡಿದ್ದೇನೆ: ನಮಸ್ಕಾರ, ಹೊಗಳಿಕೆ, ಎರಡು ಸಲ ಹೇಳಿದ ಮಾತು ಇವನ್ನು ಮಾತ್ರ ತೆಗೆಯುವುದು. ಲಕ್ಷಣ, ವಯಸ್ಸು, ಔಷಧಿ, ಎಷ್ಟು ದಿನದಿಂದ ಎಂಬುದನ್ನು ಮುಟ್ಟುವುದಿಲ್ಲ. ಬೇರೆ ವಿಷಯದ ಕಾರ್ಯಕ್ರಮವಾದರೆ ಏನನ್ನು ಉಳಿಸಬೇಕು ಎಂದು ತಜ್ಞರನ್ನೇ ಕೇಳಿಕೊಳ್ಳಿ, ಎರಡು ನಿಮಿಷದ ಮಾತು.

ನಿದ್ದೆಯಲ್ಲಿ ಉಸಿರು ಕಟ್ಟದಂತೆ ಗಾಳಿ ಒತ್ತುವ ಯಂತ್ರವನ್ನು "ಮೆಷಿನ್" ಎಂದು ಬರೆದವರ ಮಾತನ್ನು "ಸಿಪ್ಯಾಪ್ ಸಾಧನ" ಎಂದೂ ತಿದ್ದಬೇಡಿ. ಕೇಳುವವರಿಗೆ ಅರ್ಥವಾಗುವುದು ಮೊದಲನೆಯದೇ. ಹೆಸರು ವೈದ್ಯೆ ಹೇಳಲಿ.

ಯಾವ ಪ್ರಶ್ನೆ ಬೇಕೆಂದು ಜನರಿಂದಲೇ ಮತ ಹಾಕಿಸಿದರೆ?

ನನಗೆ ಅಷ್ಟು ಒಲವಿಲ್ಲ. ಮೊದಲ ದಿನ ಬಂದ ಪ್ರಶ್ನೆಗೆ ಎಂಟು ದಿನದ ಮತ, ಕೊನೆ ದಿನ ಬಂದದ್ದಕ್ಕೆ ನಾಲ್ಕು ಗಂಟೆಯ ಮತ. ಹೋಲಿಕೆ ಎಲ್ಲಿಂದ ಬಂತು. ಮೇಲೆ ಕಾಣುವುದಕ್ಕೇ ಮತ್ತೆ ಮತ ಬೀಳುತ್ತದೆ. ಹಾಕಿಸಲೇಬೇಕೆಂದರೆ ಪ್ರಶ್ನೆ ಕಳಿಸುವ ಗಡುವು ಮುಗಿದ ಮೇಲೆ, ಎಲ್ಲವನ್ನೂ ಒಟ್ಟಿಗೆ ಇಟ್ಟು, ಒಂದು ದಿನ ಹಾಕಿಸಿ.

ತಜ್ಞರಿಗೆ ಪ್ರಶ್ನೆಗಳನ್ನು ಮೊದಲೇ ತೋರಿಸಿದರೆ ನೇರಪ್ರಸಾರದ ಸ್ವಾರಸ್ಯ ಹೋಗುವುದಿಲ್ಲವೇ?

ರಾಜಕಾರಣಿಯ ಸಂದರ್ಶನವಾದರೆ ನಿಮ್ಮ ಮಾತು ಸರಿ. ಇಲ್ಲಿ ಯಾರನ್ನೂ ಸಿಕ್ಕಿಸುವ ಉದ್ದೇಶವಿಲ್ಲ. ಮಾತ್ರೆಯ ಬಗ್ಗೆ ಪ್ರಶ್ನೆ ಇದೆ ಎಂದು ಗೊತ್ತಿದ್ದರೆ ವೈದ್ಯೆ ಒಮ್ಮೆ ಪುಸ್ತಕ ತಿರುವಿ ನೋಡಿ ಬರುತ್ತಾರೆ. ಎರಡು ದಿನ ಮೊದಲು ಕೊಟ್ಟರೆ ಸಾಕು. ವಾರ ಮೊದಲೇ ಕೊಟ್ಟರೆ ಕೆಲವರು ಉತ್ತರವನ್ನೇ ಬರೆದುಕೊಂಡು ಬಂದು ಓದುತ್ತಾರೆ. ಅದನ್ನು ಕೇಳುವುದಕ್ಕಿಂತ ಲೇಖನ ಓದುವುದು ಮೇಲು. ಪಟ್ಟಿಯ ಜೊತೆ "ಇದರಲ್ಲಿ ಯಾವುದನ್ನು ಬಿಡಬೇಕು, ಯಾವುದರಿಂದ ಶುರು ಮಾಡಲಿ?" ಎಂದು ಕೇಳಿ. ಬಿಡುವ ಹಕ್ಕು ಅವರಿಗಿರಲಿ.

"ನನಗೆ ಯಾವ ಮಾತ್ರೆ ತಗೋಬೇಕು ಹೇಳಿ" ಎಂಬ ವೈಯಕ್ತಿಕ ಪ್ರಶ್ನೆ ಬಂದರೆ?

ನೋಡದ ರೋಗಿಗೆ ಔಷಧಿ ಹೇಳಲು ವೈದ್ಯರಿಗೆ ಆಗುವುದಿಲ್ಲ, ಹೇಳಿಸುವುದೂ ತಪ್ಪು. ಆದರೆ ಆ ಪ್ರಶ್ನೆಯ ಹಿಂದಿನ ಕಳವಳ ಎಲ್ಲರದೂ. "ನಿದ್ದೆ ಮಾತ್ರೆಯನ್ನು ಎಷ್ಟು ದಿನ ತೆಗೆದುಕೊಳ್ಳಬಹುದು, ತಾನಾಗಿಯೇ ಒಮ್ಮೆಲೇ ನಿಲ್ಲಿಸಬಹುದೇ?" ಎಂದು ತಿರುಗಿಸಿದರೆ ಅವರಿಗೂ ಉತ್ತರ ಸಿಗುತ್ತದೆ. ತಿರುಗಿಸಿದ್ದೇನೆ ಎಂದು ಕೇಳಿದವರಿಗೆ ಒಂದು ಸಾಲು ಬರೆದು ತಿಳಿಸಿ.

ಕೆಲವು ಪ್ರಶ್ನೆ ಕಾರ್ಯಕ್ರಮದವರೆಗೆ ಕಾಯುವಂಥವಲ್ಲ. ತಿಂಗಳಿಂದ ನಿದ್ದೆಯಿಲ್ಲ, ಬದುಕೇ ಬೇಡವಾಗಿದೆ ಎಂದು ಯಾರಾದರೂ ಬರೆದರೆ ಅದನ್ನು ಸ್ಪ್ರೆಡ್‌ಶೀಟಿನಲ್ಲಿ ಬಿಡಬೇಡಿ. ಅದೇ ದಿನ ಅವರನ್ನು ಸಂಪರ್ಕಿಸಿ, ತಜ್ಞರಿಗೂ ತಿಳಿಸಿ, ತಕ್ಷಣ ಸಿಗುವ ನೆರವು ಯಾವುದು ಎಂದು ಹೇಳಿ. ಈ ಕಾರಣಕ್ಕೇ ಫಾರ್ಮನ್ನು ದಿನಕ್ಕೆರಡು ಸಲವಾದರೂ ತೆರೆದು ನೋಡುವ ಒಬ್ಬರು ಇರಬೇಕು.

ಪ್ರಕಟಿಸಿದ ಮೇಲೆ ಸಮಯ ಬದಲಾದರೆ?

ಹಳೆಯ ಪ್ರಕಟಣೆಯನ್ನೇ ತಿದ್ದಿ, ಮೊದಲ ಸಾಲಿನಲ್ಲೇ "ಸಮಯ ಬದಲಾಗಿದೆ: 7 ಅಲ್ಲ, 8" ಎಂದು ಬರೆಯಿರಿ. ಹಳೆಯ ಸಮಯವನ್ನೂ ಕಾಣಿಸಿ, ಇಲ್ಲದಿದ್ದರೆ ಮೊದಲು ಓದಿದವರಿಗೆ ಏನು ಬದಲಾಯಿತೆಂದೇ ತಿಳಿಯದು. ಬರೀ ಹೊಸ ಪ್ರಕಟಣೆ ಹಾಕಿದರೆ ಎರಡೂ ಓಡಾಡುತ್ತಿರುತ್ತವೆ, ಜನ ಮೊದಲು ಕೈಗೆ ಸಿಕ್ಕಿದ್ದನ್ನು ನಂಬುತ್ತಾರೆ. ಚಿತ್ರದ ರೂಪದಲ್ಲಿ ಹಂಚಿದ್ದರೆ ಅದನ್ನು ತಿದ್ದುವ ದಾರಿಯೇ ಇಲ್ಲ. ಹಾಗಾಗಿ ಸಮಯವನ್ನು ಚಿತ್ರದೊಳಗೆ ಮಾತ್ರ ಬರೆದು ಬಿಡಬೇಡಿ, ಅಕ್ಷರದಲ್ಲೂ ಇರಲಿ. ಕಣ್ಣು ಕಾಣದವರ ಫೋನು ಓದಿ ಹೇಳುವುದೂ ಅಕ್ಷರವನ್ನೇ.

ಬದಲಾದ ದಿನ ಹಳೆಯ ಸಮಯಕ್ಕೂ ಒಬ್ಬರು ಹಾಜರಿದ್ದು, ಬಂದವರಿಗೆ "ಎಂಟಕ್ಕೆ ಬನ್ನಿ" ಎಂದು ಹೇಳಬೇಕು. ಬರುವವರು ಇದ್ದೇ ಇರುತ್ತಾರೆ.

ಉತ್ತರ ಸಿಗದೆ ಉಳಿದ ಪ್ರಶ್ನೆಗಳನ್ನು ಏನು ಮಾಡುವುದು?

ಎಪ್ಪತ್ತರಲ್ಲಿ ಎಂಟು ಓದಿದಿರಿ, ಅವು ಗುಂಪಿನ ಪರವಾಗಿ ಐವತ್ತಕ್ಕೆ ಉತ್ತರವಾದವು ಎಂದರೂ ಇಪ್ಪತ್ತು ಉಳಿದವು. ಎಲ್ಲದಕ್ಕೂ ಬರೆದು ಉತ್ತರಿಸಿ ಎಂದು ತಜ್ಞರನ್ನು ಕೇಳಬೇಡಿ. ಒಂದು ಗಂಟೆ ಎಂದು ಒಪ್ಪಿಸಿ ಒಂದು ವಾರ ದುಡಿಸಿದಂತಾಗುತ್ತದೆ, ಮುಂದಿನ ಸಲ ಅವರು ಫೋನೆತ್ತುವುದಿಲ್ಲ. ಮೂರು ಆರಿಸಿ, ಎರಡೆರಡು ವಾಕ್ಯದ ಉತ್ತರ ಕೇಳಿ, ಧ್ವನಿ ಸಂದೇಶವಾದರೂ ಸರಿ. ಉಳಿದವರಿಗೆ ನೀವೇ ಬರೆಯಿರಿ: "ನಿಮ್ಮ ಪ್ರಶ್ನೆಗೆ ಸಮಯವಾಗಲಿಲ್ಲ. ಇದಕ್ಕೆ ಹತ್ತಿರದ ಉತ್ತರ ರೆಕಾರ್ಡಿಂಗ್‌ನ 23ನೇ ನಿಮಿಷದಲ್ಲಿದೆ." ಆ ನಿಮಿಷವನ್ನು ಹುಡುಕಿ ಬರೆಯಲು ಒಂದು ಸಂಜೆ ಹಿಡಿಯುತ್ತದೆ. ಕಾರ್ಯಕ್ರಮ ನಡೆಯುವಾಗಲೇ ಯಾರಾದರೊಬ್ಬರು ಪಟ್ಟಿಯ ಪಕ್ಕದಲ್ಲಿ ನಿಮಿಷ ಗುರುತು ಹಾಕುತ್ತಾ ಕೂತಿದ್ದರೆ ಹತ್ತು ನಿಮಿಷದ ಕೆಲಸ.